ಬದಿಯ ಕೋಣೆಗೆ ಕೇಳಿದ ಗಡುವು

ಬನ್ನಂಜೆಯ ಮನೆಯ ಬದಿಯಲ್ಲಿ ಖಾಲಿ ಬಿಡಬೇಕಿದ್ದ ಜಾಗದಲ್ಲಿ ಝೀಟಾ, ಹಾಸಿಗೆ ಹಿಡಿದ ಅತ್ತೆಗೆಂದು ಕೋಣೆ ಕಟ್ಟಿಸಿದ್ದಳು. ಮಂಜೂರಾದ ನಕ್ಷೆಯಲ್ಲಿ ಅದಿರಲಿಲ್ಲ. ಏಕೆ ಕೆಡವಬಾರದೆಂದು ನಗರಸಭೆಯ ನೋಟೀಸು ಬಂತು. ನಕ್ಷೆ ಬರೆದಿದ್ದ ಭೋಜ ಉತ್ತರವನ್ನೂ ಬರೆದು ತಂದ. ಸಕ್ರಮಕ್ಕೆ ದಾರಿಯಿಲ್ಲ, ಕಾಲಾವಕಾಶ ಕೇಳಬಹುದಷ್ಟೇ ಎಂದ. ಪರವಾನಿಗೆ ಅತ್ತೆ ಕಾನ್ಸೆಪ್ಟಾ ಬಾಯಿಯ ಹೆಸರಿನಲ್ಲಿತ್ತು. ಸಹಿ ಅವರದೇ ಆಗಬೇಕು.

ಭೋಜ ಅವರ ಹಾಸಿಗೆಯ ಪಕ್ಕ ತಲೆ ತಗ್ಗಿಸಿ ಓದಿದ: "ನನ್ನ ಕಾಯಿಲೆಗಾಗಿ ಕಟ್ಟಿದ ಈ ಕೋಣೆಯನ್ನು ನನ್ನ ಕಾಲಾನಂತರ ಮನೆಯವರೇ ಕೆಡವುತ್ತಾರೆ."

ಝೀಟಾಳಿಗೆ ಮೈ ಉರಿಯಿತು. "ನಿಮಗೆ ಬೇರೆ ಎಂತದೂ ಬರೆಯಲಿಕ್ಕೆ ಸಿಗಲಿಲ್ವಾ?"

"ಇದಕ್ಕೆ ನಗರಸಭೆಯವರು ಒಪ್ಪುತ್ತಾರಾ?" ಮುದುಕಿ ಕೇಳಿದರು.

"ಇಂಥ ದಿನದವರೆಗೆ ಅಂತ ಗಡುವು ಬರೆಯದಿದ್ದರೆ ಒಪ್ಪುವುದು ಕಷ್ಟ, ಬಾಯಮ್ಮ."

ಮುದುಕಿ ಸೊಸೆಯ ಮುಖ ನೋಡಲಿಲ್ಲ. ಪೆನ್ನಿಗೆ ಕೈ ಚಾಚಿದರು.

"ಮಳೆಗಾಲ ಹಿಡಿಯುವವರೆಗೆ ಅಂತ ಬರೆ. ಅಷ್ಟು ಸಾಕಾಗ್ತದೆ."