ಟ್ಯಾಂಕಿನ ಸ್ಟ್ಯಾಂಡು ಬೇರೆ ಕೆಲಸ

ಚಳ್ಳಕೆರೆಯಲ್ಲಿ ಸ್ವಪ್ನಳ ವೆಲ್ಡಿಂಗ್ ಶಾಪಿಗೆ ಜನ ಗೇಟು, ಕಿಟಕಿ ಮಾಡಿಸುವುದಕ್ಕಿಂತ ಹೆಚ್ಚಾಗಿ ಕುರಿ ಶೆಡ್ಡಿಗಾಗಿಯೇ ಬರುತ್ತಿದ್ದರು. ಅಪ್ಪ ಕಾಮಣ್ಣ ಹುಟ್ಟಾ ಕುರಿಗಾಹಿ. ಕುರಿ ಯಾವ ಇಳಿಜಾರು ಹತ್ತುತ್ತದೆ, ಅಡಿಯ ಹಲಗೆಗಳ ನಡುವೆ ಎಷ್ಟು ಸಂದು ಬಿಟ್ಟರೆ ಹಿಕ್ಕೆ ಕೆಳಗೆ ಬಿದ್ದು ಕಾಲು ಮಾತ್ರ ಸಿಕ್ಕಿಕೊಳ್ಳುವುದಿಲ್ಲ ಎಂಬುದೆಲ್ಲ ಅವಳಿಗೆ ಹಟ್ಟಿಯಲ್ಲೇ ಗೊತ್ತಾಗಿತ್ತು. ಕಬ್ಬಿಣದ ಲೆಕ್ಕ ಡಿಪ್ಲೊಮಾದಲ್ಲಿ ಕಲಿತಳು. ಅಳತೆ, ನಕ್ಷೆ, ಕೊಟೇಶನ್ ಅವಳದು. ವೆಲ್ಡಿಂಗ್, ಕಂಬ ನಿಲ್ಲಿಸುವುದು ತಮ್ಮ ಗೋವರ್ಧನನದು.

ಆ ಸಲ ಅವರಿಗೆ ರಾಂಪುರದ ಜಂಬುಲಿಂಗಪ್ಪನವರ ಕೆಲಸ ಸಿಕ್ಕಿತ್ತು. ಗೊಬ್ಬರದ ಅಂಗಡಿ, ಹತ್ತಾರು ಎಕರೆ ಹೊಲ ಇದ್ದ ಹಿರಿಯರು. ಎಂಬತ್ತು ಕುರಿ ಸಾಕುವ ಹುರುಪು ಹತ್ತಿತ್ತು. ನಲವತ್ತಡಿ ಉದ್ದ, ಇಪ್ಪತ್ತಡಿ ಅಗಲ, ನೆಲದಿಂದ ಐದಡಿ ಎತ್ತರದಲ್ಲಿ ಹಲಗೆ, ಮೇಲೆ ಶೀಟು, ಕುರಿ ಹತ್ತಲು ಒಂದು ಇಳಿಜಾರು, ನೀರಿನ ತೊಟ್ಟಿ, ಗೇಟು. ಎಲ್ಲವನ್ನೂ ಸ್ವಪ್ನ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು. ಕೊನೆಯ ಸಾಲಿನಲ್ಲಿ ‘ಇದರಲ್ಲಿ ಇಲ್ಲದ ಕೆಲಸಕ್ಕೆ ಪ್ರತ್ಯೇಕ ದರ’ ಎಂದಿತ್ತು. ಜಂಬುಲಿಂಗಪ್ಪನವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ ಸಹಿ ಹಾಕಿದ್ದರು.

ಕೆಲಸ ಶುರುವಾದ ಐದನೆಯ ದಿನ ಗೋವರ್ಧನ ಫೋನ್ ಮಾಡಿದ.

“ಅಕ್ಕ, ಯಜಮಾನ್ರು ಶೆಡ್ಡಿನ ಮ್ಯಾಲೆ ಎರಡು ಸಾವಿರ ಲೀಟರಿಂದು ಟ್ಯಾಂಕ್ ಇಡ್ಬೇಕಂತೆ. ನಾನು ಆಯ್ತು ಅಂದೆ. ನಾಕು ಕಬ್ಬಿಣದ ಆಂಗ್ಲರ್ ಜಾಸ್ತಿ ಕೊಟ್ರೆ ಆತು.”

“ಆಯ್ತು ಅಂದ್ಯಾ?”

“ಅಷ್ಟು ದೊಡ್ಡೋರು ಕೇಳಿದ್ರೆ ಹೆಂಗಕ್ಕ ಆಗಲ್ಲ ಅನ್ನೋದು?”

ಸ್ವಪ್ನಳಿಗೆ ಬೈಯಬೇಕೆನಿಸಿತು, ಆದರೆ ಬೈಯುವ ಮುಖ ಅವಳಿಗೂ ಇರಲಿಲ್ಲ. ಹೋದ ವರ್ಷ ತಳಕು ಊರಿನ ಗೋದಾಮೊಂದರಲ್ಲಿ ‘ಹಂಗೇ ಒಂದು ಮೆಟ್ಟಿಲು’, ‘ಹಂಗೇ ಒಂದು ಶೀಟಿನ ಮಾಡು’ ಎಂದು ಕೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ ಆ ಕೆಲಸದಲ್ಲಿ ಗಿಟ್ಟಿದ್ದು ಏನೂ ಇಲ್ಲ ಎಂಬಂತೆ ಮಾಡಿಕೊಂಡಿದ್ದು ಅವಳೇ. ಆದರೆ ಇಲ್ಲಿಯ ಮಾತು ಬರೀ ದುಡ್ಡಿನದಲ್ಲ. ನೀರಿನ ತೂಕವೇ ಎರಡು ಟನ್. ಆ ಕಂಬಗಳನ್ನು ಅವಳು ಲೆಕ್ಕ ಹಾಕಿದ್ದು ಕುರಿಗೆ, ಶೀಟಿಗೆ, ಗಾಳಿಗೆ.

“ಟ್ಯಾಂಕಿಗೆ ಅಂತ ಒಂದು ಬೆಸುಗೆನೂ ಹಾಕ್ಬ್ಯಾಡ. ನಾನು ಬರ್ತೀನಿ,” ಎಂದಳು.

ಫೋನಿನಲ್ಲಿ ಹೇಳುವ ಮಾತಲ್ಲ ಇದು. ಮರುದಿನ ಬೆಳಿಗ್ಗೆ ಬಳ್ಳಾರಿ ಬಸ್ ಹತ್ತಿದಳು. ಕಿಟಕಿ ಪಕ್ಕ ಕುಳಿತು ನೋಟ್‌ಬುಕ್ಕಿನಲ್ಲಿ ಸ್ಟ್ಯಾಂಡಿನ ನಕ್ಷೆ ಬರೆದಳು, ತೂಕ ಹಾಕಿದಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಳು. ಪ್ರತಿ ಸಲವೂ ಅದು ಒಂದೊಂದು ರೀತಿ ಕೇಳಿಸಿತು.

ಜಂಬುಲಿಂಗಪ್ಪನವರು ಮನೆ ಜಗಲಿಯಲ್ಲಿ ಕುಳಿತಿದ್ದರು. ಎದುರಿಗೆ ಅಂಗಳದಾಚೆ ಶೆಡ್ಡಿನ ಕಂಬಗಳು ಸಾಲಾಗಿ ನಿಂತಿದ್ದವು.

“ಬಾರವ್ವ. ಏನು ಇದ್ದಕ್ಕಿದ್ದಂಗೆ?”

“ಟ್ಯಾಂಕಿನ ವಿಷಯ ಮಾತಾಡಾಣ ಅಂತ ಬಂದೆ ಯಜಮಾನ್ರೇ.” ಕೊಟೇಶನ್ ಹಾಳೆ ತೆಗೆದು ಅವರ ಮುಂದಿಟ್ಟಳು. “ನಾವು ಒಪ್ಪಿದ ಕೆಲಸದಾಗೆ ಟ್ಯಾಂಕ್ ಇಲ್ಲ. ಶೆಡ್ಡಿನ ಮ್ಯಾಲೆ ಅದನ್ನ ಇಡಾಕೆ ಆಗಲ್ಲ, ಕಂಬ ತಡೆಯಲ್ಲ. ಪಕ್ಕದಾಗೆ ಬೇರೆ ಸ್ಟ್ಯಾಂಡ್ ನಿಲ್ಲಿಸ್ಬೇಕು. ಅದು ಬೇರೆ ಕೆಲಸ, ಅದಕ್ಕೆ ಬೇರೆ ದುಡ್ಡು ಆಗುತ್ತೆ.”

ಹೇಳಿಬಿಟ್ಟಿದ್ದಳು. ಬಸ್ಸಿನಲ್ಲಿ ಅಭ್ಯಾಸ ಮಾಡಿದ ಒಂದು ವಾಕ್ಯವೂ ಅದರಲ್ಲಿರಲಿಲ್ಲ.

ಹಿರಿಯರ ಮುಖ ಬಿಗಿಯಾಯಿತು. “ನಿನ್ನ ತಮ್ಮ ಆಯ್ತು ಅಂದಾನಲ್ಲ?”

“ಅಂದಾನೆ. ನನ್ನ ಕೇಳ್ದೆ ಅಂದಿದ್ದು ತಪ್ಪು. ಅದು ನಮ್ಮ ಅಂಗಡಿ ತಪ್ಪು, ಅದಕ್ಕೆ ಕ್ಷಮಿಸ್ಬೇಕು. ಹಂಗಂತ ಆಗದೇ ಇರೋದನ್ನ ಮಾಡಿಕೊಟ್ಟು ಹೋಗಾಕೆ ಆಗಲ್ಲ.”

“ನಿಮ್ಮಪ್ಪನ ಮುಖ ನೋಡಿ ಕೆಲಸ ಕೊಟ್ಟೆ ನಾನು. ಇಷ್ಟು ದೊಡ್ಡ ಶೆಡ್ಡಿನಾಗೆ ನಾಕು ಕಬ್ಬಿಣದ ತುಂಡಿಗೆ ರೊಕ್ಕ ಕೇಳಾಕೆ ಚಳ್ಳಕೆರೆಯಿಂದ ಬಸ್ ಹತ್ತಿ ಬಂದೀಯಲ್ಲ!”

ಸ್ವಪ್ನಳಿಗೆ ಕಿವಿ ಬಿಸಿಯಾಯಿತು. ಆದರೂ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಹಾ ತಂದ ಮನೆಯೊಡತಿ ತಿಪ್ಪೇರುದ್ರಮ್ಮ ಅಲ್ಲೇ ನಿಂತು ಕೇಳಿದರು.

“ಮ್ಯಾಲಿಟ್ರೆ ಏನಾಗುತ್ತೆ ತಾಯಿ?”

“ಇವತ್ತು ಏನೂ ಆಗಲ್ಲ ಅವ್ವ. ಟ್ಯಾಂಕ್ ತುಂಬಿದ್ದಾಗ ಒಂದು ದಿನ ಜೋರು ಗಾಳಿ ಬೀಸಿದ್ರೆ ಶೆಡ್ಡು ವಾಲುತ್ತೆ. ಕೆಳಗೆ ಎಂಬತ್ತು ಜೀವ ಇರ್ತಾವೆ.”

ಜಂಬುಲಿಂಗಪ್ಪನವರು ಎದ್ದು ಚಪ್ಪಲಿ ಮೆಟ್ಟಿ ಶೆಡ್ಡಿನ ಕಡೆ ನಡೆದರು. ಸ್ವಪ್ನ ಹಿಂದೆ ಹೋದಳು. ಅವರು ಒಂದು ಕಂಬವನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ ನೋಡಿದರು. ವೆಲ್ಡಿಂಗ್ ನಿಲ್ಲಿಸಿ ಗೋವರ್ಧನ ತಲೆ ತಗ್ಗಿಸಿ ನಿಂತ.

“ದಪ್ಪನೆ ಕಂಬ ಹಾಕಿದ್ರೆ?” ಹಿರಿಯರು ಕೇಳಿದರು.

“ನಿಂತಿರೋ ಕಂಬ ಕೀಳ್ಬೇಕಾಗುತ್ತೆ. ಸ್ಟ್ಯಾಂಡಿಗಿಂತ ಖರ್ಚು ಜಾಸ್ತಿ.”

“ಟ್ಯಾಂಕನ್ನ ನೆಲದ ಮ್ಯಾಲೇ ಇಟ್ರೆ?”

“ಹಲಗೆ ಐದಡಿ, ಅದರ ಮ್ಯಾಲೆ ಎರಡಡಿ, ತೊಟ್ಟಿ ಇರೋದು ಏಳಡಿ ಎತ್ತರದಾಗೆ. ನೀರು ತಾನಾಗೇ ಹರೀಬೇಕಂದ್ರೆ ಟ್ಯಾಂಕ್ ಅದಕ್ಕಿಂತ ಮ್ಯಾಲಿರ್ಬೇಕು. ಹತ್ತಡಿ ಸ್ಟ್ಯಾಂಡೇ ಬೇಕು.”

ಅವರು ನೋಟ್‌ಬುಕ್ಕಿಗೆ ಕೈ ಚಾಚಿದರು. ನಾಲ್ಕು ಕಾಲು, ಅಡ್ಡಪಟ್ಟಿ, ಕೆಳಗೆ ಕಾಂಕ್ರೀಟು. ಮುನ್ನೂರ ಐವತ್ತು ಕಿಲೋ, ಶೆಡ್ಡಿಗೆ ಹಾಕಿದ ಅದೇ ನೂರಾಹತ್ತರ ದರದಲ್ಲಿ ಮೂವತ್ತೆಂಟೂವರೆ ಸಾವಿರ. ಗುಂಡಿ, ಕಾಂಕ್ರೀಟಿಗೆ ಆರೂವರೆ. ತೆರಿಗೆ ಬೇರೆ. ಪೈಪು ಜೋಡಿಸುವುದು ಇದರಲ್ಲಿ ಇಲ್ಲ ಎಂದೂ ಬರೆದಿದ್ದಳು.

“ಮೂವತ್ತಕ್ಕೆ ಮುಗಿಸು.”

‘ಆಯ್ತು’ ಎಂಬ ಮಾತು ತುಟಿಯ ತನಕ ಬಂತು. ಅದನ್ನು ನುಂಗಿಕೊಂಡಳು. “ಕಬ್ಬಿಣದ ದರ ಇಳ್ಸಾಕಾಗಲ್ಲ ಯಜಮಾನ್ರೇ. ಇಳಿಸಿದ್ರೆ ತೂಕ ಕಮ್ಮಿ ಮಾಡ್ಬೇಕು, ಅದು ನಾನು ಮಾಡಲ್ಲ. ಬೇಕಾದ್ರೆ ನಿಮ್ಮ ಆಳುಗಳೇ ನನ್ನ ಅಳತೆಗೆ ಗುಂಡಿ ತೆಗೆದು ಕಾಂಕ್ರೀಟ್ ಹಾಕ್ಲಿ. ಆರೂವರೆ ಸಾವಿರ ಬಿಟ್ಟುಬಿಡ್ತೀನಿ.”

“ಸೋಮವಾರ ಕುರಿ ಬರ್ತಾವೆ. ಅದಕ್ಕೆ ತೊಂದ್ರೆ?”

“ಶೆಡ್ಡು ಹೇಳಿದ ದಿನಕ್ಕೇ ಕೊಡ್ತೀವಿ. ಕಾಂಕ್ರೀಟ್ ಒಣಗ್ಬೇಕು, ಹಂಗಾಗಿ ಸ್ಟ್ಯಾಂಡು ಒಂದು ವಾರ ತಡ.”

ಅವರು ಶೆಡ್ಡನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ನಕ್ಕುಬಿಟ್ಟರು. “ನನ್ನ ಅಂಗಡಿಗೆ ಬರೋರೂ ಹಿಂಗೇ ಕಣವ್ವ. ಗೊಬ್ಬರ ತಗಂಡು, ಹಂಗೇ ಹೊಲದ ತನಕ ಹಾಕಿಸಿಬಿಡ್ರಿ ಅಂತಾರೆ. ಬಾಡಿಗೆ ಅಂದ್ರೆ ಮುಖ ದಪ್ಪ ಮಾಡ್ತಾರೆ. ಇವತ್ತು ನಾನೇ ಮಾಡಿದೆ. ಗುಂಡಿ ನಮ್ಮಾಳುಗಳೇ ತೆಗೀತಾರೆ. ಬರಿ, ಸಹಿ ಹಾಕ್ತೀನಿ.”

ಸ್ವಪ್ನ ಅಲ್ಲೇ ಸಿಮೆಂಟ್ ಚೀಲಗಳ ಮೇಲೆ ಕುಳಿತು ಹೆಚ್ಚುವರಿ ಕೆಲಸದ ಹಾಳೆ ಬರೆದಳು. ಏನು ಕೆಲಸ, ಎಷ್ಟು ದುಡ್ಡು, ಎಷ್ಟು ದಿನ, ಗುಂಡಿ ಯಾರದು. ಇಬ್ಬರೂ ಸಹಿ ಹಾಕಿದರು. ಅದರ ಫೋಟೊ ತೆಗೆದು ಅವರ ವಾಟ್ಸಾಪಿಗೆ ಕಳಿಸಿದಳು. ಅರ್ಧ ದುಡ್ಡು ಆಗಲೇ ಬಂತು. ತಿಪ್ಪೇರುದ್ರಮ್ಮ ಅಕ್ಕತಮ್ಮ ಇಬ್ಬರನ್ನೂ ಕೂಡಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಬಡಿಸಿದರು.

ಕೈ ತೊಳೆಯುವಾಗ ಗೋವರ್ಧನ ಮೆಲ್ಲಗೆ ಕೇಳಿದ, “ನನ್ನ ಮ್ಯಾಲೆ ಸಿಟ್ಟೇನಕ್ಕ?”

“ಇತ್ತು. ಈಗಿಲ್ಲ. ಇನ್ನೊಂದು ಸಲ ಯಾರು ಏನು ಕೇಳಿದ್ರೂ, ಲೆಕ್ಕ ಹಾಕಿ ಹೇಳ್ತೀವಿ ಅನ್ನು ಸಾಕು.”

ಸೋಮವಾರ ಹೇಳಿದಂತೆ ಕುರಿಗಳು ಬಂದವು. ಮುಂದಿನ ವಾರ ಸ್ಟ್ಯಾಂಡು ನಿಂತು, ಟ್ಯಾಂಕು ಏರಿತು. ಪೈಪನ್ನು ಜಂಬುಲಿಂಗಪ್ಪನವರೇ ಬೇರೆಯವರಿಂದ ಹಾಕಿಸಿದ್ದರು. ಅಂದು ಸ್ವಪ್ನಳೂ ರಾಂಪುರದಲ್ಲಿದ್ದಳು. ಪಕ್ಕದ ಹೊಲದ ಸಿದ್ದಲಿಂಗೇಶ್ ಶೆಡ್ಡು ನೋಡಲು ಬಂದು, ತನಗೂ ಇಂಥದ್ದೇ ಬೇಕು, ಎಷ್ಟಾಯಿತು ಎಂದು ಕೇಳಿದ.

“ಶೆಡ್ಡಿಗೆ ಒಂದು ರೇಟು, ಸ್ಟ್ಯಾಂಡಿಗೆ ಇನ್ನೊಂದು,” ಎಂದರು ಜಂಬುಲಿಂಗಪ್ಪನವರು. “ಬೇಕಾಗಿದ್ದೆಲ್ಲ ಮೊದ್ಲೇ ಹೇಳಿಬಿಡೋ. ಆಮ್ಯಾಲೆ ಹಂಗೇ ಒಂದು ಅಂತ ರಾಗ ತೆಗದ್ರೆ ಈ ಹುಡುಗಿ ಬಗ್ಗಾಕಿಲ್ಲ.”

ಸ್ವಪ್ನ ನಗು ತಡೆಯಲಾಗದೆ ಶೆಡ್ಡಿನ ಕಡೆ ತಿರುಗಿದಳು. ಗೋವರ್ಧನ ವಾಲ್ವ್ ತಿರುಗಿಸಿದ. ಪೈಪಿನಲ್ಲಿ ಗಾಳಿ ಬುಸುಗುಟ್ಟಿ, ನೀರು ಗಳಗಳನೆ ತೊಟ್ಟಿಗೆ ಬಿತ್ತು. ಕುರಿಗಳು ಮೊದಲು ಬೆದರಿ ಹಿಂದೆ ಸರಿದವು. ಆಮೇಲೆ ಒಂದರ ಹಿಂದೊಂದು ನುಗ್ಗಿ, ಮೂತಿ ಅದ್ದಿ ಕುಡಿಯತೊಡಗಿದವು.