ಸುಮನಳ ಹೆಸರಿನ ಮಾತ್ರೆ

ಹೊಸೂರಿನ ತನ್ನ ಸಣ್ಣ ಕಾರ್ಖಾನೆಯ ಹೊಸ ಜ್ವರದ ಮಾತ್ರೆಗೆ ಆವುಲಪ್ಪ, ಜ್ವರದಲ್ಲೇ ತೀರಿಹೋದ ಮಗಳು ಸುಮನಳ ನೆನಪಿಗೆ 'ಸುಮನಿಲ್' ಎಂದು ಹೆಸರಿಡಬೇಕೆಂದಿದ್ದ. ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ಮುಂಚೆ, ಅಂಗಡಿಯವರಿಗೆ ಹೆಸರು ಸರಿಯಾಗಿ ತಿಳಿಯುತ್ತದೆಯೇ ನೋಡಲೆಂದು, ಉದ್ದನಪಲ್ಲಿಯ ಮೆಡಿಕಲ್ ಷಾಪಿನ ಚಿನ್ನಸ್ವಾಮಿಗೆ ಚೀಟಿಯಲ್ಲಿ ಬರೆದು ಕೊಟ್ಟ.

ಚಿನ್ನಸ್ವಾಮಿ ಓದಿ, ಸಕ್ಕರೆ ಕಾಯಿಲೆಯ 'ಸುಗನಿಲ್' ಮಾತ್ರೆ ತೆಗೆದು ಮುಂದಿಟ್ಟ.

"ಅದಲ್ಲಪ್ಪ, ಸುಮನಿಲ್."

"ಬರೆದ್ರೂ ಹೇಳಿದ್ರೂ ಎರಡೂ ಒಂದೇ ತರ ಐತಲ್ಲಣ್ಣ. ಜ್ವರ ಬಂದ ಮಗೀಗೆ ಇದನ್ನ ಕೊಟ್ಬುಟ್ರೆ, ಮೈಯಲ್ಲಿರೋ ಸಕ್ಕರೆ ಇಳಿದು ಜೀವಕ್ಕೇ ಕುತ್ತು."

ಆವುಲಪ್ಪ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಮಾತ್ರೆ 'ಟೆಪಾಕ್' ಎಂಬ ಹೆಸರಲ್ಲಿ ಪೇಟೆಗೆ ಬಂತು. ಯಾರ ನಾಲಿಗೆಯೂ ತೊಡರಲಿಲ್ಲ, ಬೇರೆ ಯಾವ ಮಾತ್ರೆಯ ಹೆಸರೆಂದೂ ಯಾರೂ ತಪ್ಪು ತಿಳಿಯಲಿಲ್ಲ.

"ನಮ್ ಮಗಿನ ಹೆಸರೆಲ್ಲಿ?" ಎಂದಳು ಹೆಂಡತಿ ಗೋವಿಂದಮ್ಮ.

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಸರಿಯೆಂದು ತಲೆಯಾಡಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.