ಇಬ್ಬರು ಬೇಕಾದ ಉಪಕರಣ

ಬೋಧನೋಪಕರಣಗಳ ರೆಕಾರ್ಡ್ ಫೈಲಿಗೆ ಮೇಡಂ ಸಹಿ ಬೀಳದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಅವತ್ತೇ ಕೊನೆಯ ದಿನ. ನನ್ನ ಸರದಿ ಬರುವಷ್ಟರಲ್ಲಿ ಕಾಲೇಜು ಅರ್ಧ ಖಾಲಿಯಾಗಿತ್ತು. ನನ್ನ ಸಹಪಾಠಿ ಹುಡುಗಿಯರೆಲ್ಲ ಸಹಿ ಹಾಕಿಸಿಕೊಂಡು, "ಬರ್ತೀವಿ ಆಂಟಿ" ಎಂದು ಹಾರಿಹೋಗಿದ್ದರು. ತಲೆ ನೆರೆತ ಮೇಲೆ ಟೀಚರಾಗಲು ಹೊರಟವಳನ್ನು ಇನ್ನೇನೆಂದು ಕರೆದಾರು, ಪಾಪ!

ಮೇಡಂ ಪುಟ ತಿರುವಿದರು. ರಟ್ಟಿನ ಗಡಿಯಾರ: ಸಾಮಗ್ರಿ, ಉದ್ದೇಶ, ಪಾಠದ ಯಾವ ಹಂತದಲ್ಲಿ ಬಳಕೆ, ಎಲ್ಲವೂ ಇತ್ತು. 'ತರಗತಿಗೆ ಮುನ್ನ ಪರೀಕ್ಷೆ' ಎಂಬಲ್ಲಿ 'ಅಮ್ಮನ ಮುಂದೆ ಮಾಡಿ ನೋಡಿದೆ' ಎಂದು ಬರೆದಿದ್ದೆ. ಅಮ್ಮ ಒಳ್ಳೆಯ ವಿದ್ಯಾರ್ಥಿನಿ. ಬೇಕೆಂದೇ ತಪ್ಪು ಉತ್ತರ ಕೊಟ್ಟು ನನ್ನ ತಲೆ ತಿನ್ನುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಮಾತೆಂದರೆ ಕುಕ್ಕರಿನದು ಮಾತ್ರ.

ಕೊನೆಯ ಪುಟದಲ್ಲಿ ಮೇಡಂ ಪೆನ್ನು ನಿಂತಿತು. ದಾರದ ಟೆಲಿಫೋನ್. ಸಾಮಗ್ರಿ: ಕಾಗದದ ಲೋಟ ಎರಡು, ಗಟ್ಟಿ ದಾರ, ಗಂಟು ಜಾರದಂತೆ ಬೆಂಕಿಕಡ್ಡಿ ಚೂರು. ಉದ್ದೇಶ: ಶಬ್ದ ಘನವಸ್ತುವಿನ ಮೂಲಕವೂ ಸಾಗುತ್ತದೆಂದು ತೋರಿಸುವುದು.

"ಪರೀಕ್ಷೆ ಅನ್ನೋ ಕಡೆ ಖಾಲಿ ಬಿಟ್ಟಿದ್ದೀರಲ್ರೀ?"

"ಮಾಡಿಲ್ಲ ಮೇಡಂ."

"ಎಲ್ರೂ 'ಪರೀಕ್ಷಿಸಲಾಗಿದೆ' ಅಂತ ಬರ್ಕೊಂಡು ಬಂದಿದ್ದಾರೆ. ನಿಮಗೇನು ಕಷ್ಟ?"

"ಅದಕ್ಕೆ ಇಬ್ಬರು ಬೇಕು ಮೇಡಂ. ಮನೇಲಿ ನಾನೊಬ್ಳೇ."

ಹೇಳಿದ ಮೇಲೆ ನನ್ನ ಬಾಯಿಗೆ ಬೆಂಕಿ ಹಾಕಬೇಕು ಅನ್ನಿಸಿತು. ಒಂದು ಕಡೆಯ ಲೋಟವನ್ನು ಕಿಟಕಿಯ ಸರಳಿಗೆ ಕಟ್ಟಿ "ಹಲೋ" ಅಂದು, ಓಡಿಹೋಗಿ ಇನ್ನೊಂದಕ್ಕೆ ಕಿವಿ ಕೊಟ್ಟಿದ್ದೆ ಎಂದು ಮಾತ್ರ ಹೇಳಲಿಲ್ಲ.

ಮೇಡಂ ಪೆನ್ನು ಮುಚ್ಚಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ತಂದಿದ್ದೀರಾ? ಕೊಡಿ ಇಲ್ಲಿ. ಕೇಳಿಸಿದ್ರೆ ಸಹಿ, ಇಲ್ದಿದ್ರೆ ಇಲ್ಲ" ಎಂದವರೇ ಒಂದು ಲೋಟ ಹಿಡಿದು ಕಾರಿಡಾರಿನುದ್ದಕ್ಕೂ ನಡೆದರು. ದಾರ ಕಂಬಕ್ಕೆ ತಾಗಿತ್ತು.

"ಈ ಕಡೆ ಬನ್ನಿ ಮೇಡಂ, ದಾರ ಏನಕ್ಕೂ ತಾಗಬಾರ್ದು. ಬಿಗಿಯಾಗಿ ಎಳೆದು ಹಿಡೀರಿ!" ಎಂದು ಕೂಗಿದೆ. ಟೀಚರ್ ದನಿಯೇ ಬಂದುಬಿಟ್ಟಿತ್ತು. ಅವರು ಸರಿದು ನಿಂತರು. ದಾರ ಬಿಗಿಯಾಯಿತು.

ನಾನು ಕಿವಿಗಿಟ್ಟುಕೊಂಡೆ. ಅವರು ಬಾಯಿಗಿಟ್ಟುಕೊಂಡು, ಏನು ಹೇಳುವುದೆಂದು ಒಂದು ಕ್ಷಣ ಯೋಚಿಸಿದರು.

"ಊಟ ಆಯ್ತಾ?"

ಕಿವಿಯ ಒಳಗೇ ಕೂತು ಕೇಳಿದ ಹಾಗಿತ್ತು. ಅಮ್ಮ ಹೋದ ಮೇಲೆ ಈ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ. ಲೋಟ ಕಿವಿಯಿಂದ ಕದಲಲಿಲ್ಲ.

"ಕೇಳಿಸ್ತೇನ್ರೀ?" ಮೇಡಂ ಲೋಟ ಇಳಿಸಿ ಅಲ್ಲಿಂದಲೇ ಕೂಗಿದರು. ಅವರ ಇನ್ನೊಂದು ಕೈಯಲ್ಲಿ ನನ್ನ ಫೈಲಿತ್ತು.

"ಇಲ್ಲ ಮೇಡಂ," ಅಂದೆ. "ಇನ್ನೊಂದ್ಸಲ ಕೇಳಿ."